ಸೀಡ್ ಅದೇ, ಅಜ್ಜ ಬೇರೆ: ಒಮ್ಮೆ ಬಂದ ಚಿತ್ರ ಮತ್ತೆ ಬರದಿರುವುದರ ಹಿನ್ನೆಲೆ

ದಾವಣಗೆರೆಯ ಹಳೇ ಪೇಟೆ ಕಡೆ ಒಂದು ಖಾರ ಮಂಡಕ್ಕಿ ಅಂಗಡಿ ಇದೆ. ಅವರ ಪ್ಯಾಕೆಟ್ ಮೇಲೆ ಹಾಕಲು ಒಂದು ಚಿತ್ರ ಬೇಕಿತ್ತು. ಕೆಂಪು ರುಮಾಲು ಸುತ್ತಿದ ಅಜ್ಜ, ಕೈಯಲ್ಲಿ ಮಂಡಕ್ಕಿ ಪೊಟ್ಟಣ. ನಮ್ಮ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ, ವಾಕ್ಯ ಬರೆದುಕೊಟ್ಟರೆ ಚಿತ್ರ ಮಾಡಿಕೊಡುವ ಸ್ಟೇಬಲ್ ಡಿಫ್ಯೂಷನ್ ಹಾಕಿಕೊಂಡಿದ್ದೆವು. ಅದರಲ್ಲಿ ಅಜ್ಜ ಚೆನ್ನಾಗಿ ಬಂದ, ಯಜಮಾನರೂ ಒಪ್ಪಿದರು. ಚಿತ್ರವನ್ನು ಅವರಿಗೆ ವಾಟ್ಸಾಪ್ ಮಾಡಿ, ಸೀಡ್ 1577 ಅಂತ ಡೈರಿಯಲ್ಲಿ ಬರೆದುಕೊಂಡೆ. ನಂಬರ್ ಇದ್ದರೆ ಸಾಕು, ಚಿತ್ರ ಯಾವಾಗ ಬೇಕಾದರೂ ಬರುತ್ತದೆ ಅನ್ನುವ ಧೈರ್ಯದಲ್ಲಿ ಕಂಪ್ಯೂಟರಿನ ಹಳೆಯ ಫೈಲುಗಳನ್ನೆಲ್ಲ ಅಳಿಸಿಬಿಟ್ಟೆ.

ಎರಡು ವಾರ ಬಿಟ್ಟು ಅಂಗಡಿ ಮುಂದಿನ ಫ್ಲೆಕ್ಸ್‌ಗೆ ಅದೇ ಅಜ್ಜ ಬೇಕು ಅಂದರು. ಮನೆಯಲ್ಲಿ ಲ್ಯಾಪ್‌ಟಾಪ್ ತೆಗೆದು ಅದೇ ವಾಕ್ಯ, ಅದೇ ಮಾಡೆಲ್, ಅದೇ 1577 ಕೊಟ್ಟೆ. ಫ್ಲೆಕ್ಸ್ ಅಲ್ವಾ ಅಂತ ಸ್ವಲ್ಪ ಅಗಲ ಮಾಡಿದೆ, ಚೆನ್ನಾಗಿ ಬರಲಿ ಅಂತ ಸ್ಟೆಪ್ಸ್ ಜಾಸ್ತಿ ಕೊಟ್ಟೆ. ಯಜಮಾನರು ನೋಡಿ ಕೇಳಿದ್ದು ಒಂದೇ ಮಾತು: "ಏನಪ್ಪಾ, ಈ ಅಜ್ಜಾರು ಬೇರೆ ಯಾರೋ ಅಲ್ವಾ?"

ಹೀಗೆ ಆಗುವುದಕ್ಕೆ ಒಂದಲ್ಲ, ನಾಲ್ಕಾರು ಕಾರಣಗಳಿವೆ. ಅವು ಒಂದರ ಮೇಲೊಂದು ಕೂತಿವೆ. ಬಿಡಿಸಬೇಕಾದರೆ ಸೀಡ್ ಅನ್ನುವ ಮಾತು ಎಲ್ಲಿಂದ ಬಂತು ಅಂತ ಮೊದಲು ನೋಡಬೇಕು.

ಕಂಪ್ಯೂಟರಿಗೆ ಕವಡೆ ಹಾಕಲು ಬರುವುದಿಲ್ಲ. ಅದು ಲೆಕ್ಕ ಮಾತ್ರ ಮಾಡುತ್ತದೆ. 1940ರ ದಶಕದಲ್ಲೇ ಗಣಿತಜ್ಞ ಜಾನ್ ವಾನ್ ನಾಯ್ಮನ್ ಒಂದು ಸುಲಭದ ದಾರಿ ತೋರಿಸಿದ್ದರು. ಒಂದು ಸಂಖ್ಯೆ ತಗೊಳ್ಳಿ, ಅದರ ವರ್ಗ ಮಾಡಿ, ನಡುವಿನ ಅಂಕಿಗಳನ್ನು ಹಿಡಿಯಿರಿ. ನಮ್ಮ 1577ನ್ನೇ ತಗೊಂಡರೆ ವರ್ಗ, ಎಂಟು ಅಂಕಿಯಾಗಲು ಮುಂದೊಂದು ಸೊನ್ನೆ ಸೇರಿಸಿ, 02486929, ನಡುವಿನ ನಾಲ್ಕು ಅಂಕಿ 4869. ಅದರ ವರ್ಗ 23707161, ನಡುವಿನದು 7071. ನೋಡಿದವರಿಗೆ ಈ ಸಂಖ್ಯೆಗಳು ಮನಸ್ಸಿಗೆ ಬಂದಂತೆ ಬಿದ್ದಂತೆ ಕಾಣುತ್ತವೆ. ಆದರೆ 1577ರಿಂದ ಹೊರಟರೆ ಪ್ರತಿ ಸಲವೂ 4869, ಆಮೇಲೆ 7071 ಬರಲೇಬೇಕು. ಹೊರಡುವ ಆ ಮೊದಲ ಸಂಖ್ಯೆಯೇ ಸೀಡ್, ಅಂದರೆ ಬೀಜ. ಆಮೇಲೆ ಇದಕ್ಕಿಂತ ಒಳ್ಳೆಯ ಲೆಕ್ಕಗಳು ಬಂದವು, ಹೆಸರು ಮಾತ್ರ ಉಳಿಯಿತು. ಇಲ್ಲಿ ಒಂದು ಮಾತು ನೆನಪಿಡಬೇಕು: ಲೆಕ್ಕದ ಪದ್ಧತಿ ಬೇರೆಯಾದರೆ ಅದೇ ಬೀಜದಿಂದ ಬೇರೆ ಸಾಲು ಹುಟ್ಟುತ್ತದೆ.

ಅಡ್ಡಾದಿಡ್ಡಿ ಚುಕ್ಕೆಗಳ ಗದ್ದಲದಿಂದ ಚಿತ್ರ ತೆಗೆಯುವ ಡಿಫ್ಯೂಷನ್ ವಿಧಾನ 2015ರಲ್ಲಿ ಕಾಗದದ ಮೇಲೆ ಬಂತು. 2020ರಲ್ಲಿ ಅದು ನಿಜಕ್ಕೂ ಕೆಲಸಕ್ಕೆ ಬರುವಂತಾಯಿತು, ಆದರೆ ಒಂದು ಚಿತ್ರಕ್ಕೆ 1000 ಹೆಜ್ಜೆ ಬೇಕಿತ್ತು. ಅದೇ ವರ್ಷ ಹೆಜ್ಜೆಗಳನ್ನು ಹಾರಿಸಿಕೊಂಡು ಹೋಗುವ ಉಪಾಯವೂ ಸಿಕ್ಕಿತು. 2022ರ ಆಗಸ್ಟ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ಎಲ್ಲರ ಕೈಗೆ ಬಂದಾಗ ಅದರ ಜೊತೆ ಕೊಟ್ಟ ಪ್ರೋಗ್ರಾಮಿನಲ್ಲಿ ಹೆಜ್ಜೆ 50, ವಾಕ್ಯದ ಕಡೆಗೆ ಎಷ್ಟು ತಳ್ಳಬೇಕು ಅನ್ನುವ ಗೈಡೆನ್ಸ್ 7.5, ಸೀಡ್ 42 ಅಂತ ಮೊದಲೇ ತುಂಬಿತ್ತು.

ನನಗೆ ಚೆನ್ನಾಗಿ ಗೊತ್ತಿರುವುದು ಅದರ ನಂತರದ ಒಂದೂವರೆ ವರ್ಷ. ಗೋಜಲಾದದ್ದೂ ಆಗಲೇ.

ಸೀಡ್ ಕೊಟ್ಟಾಗ ಒಳಗೆ ಆಗುವುದು ಇಷ್ಟು. 512×512 ಚಿತ್ರವಾದರೆ ಮಾಡೆಲ್ ಅದನ್ನು ಎಂಟನೇ ಒಂದು ಪಾಲಿಗೆ ಇಳಿಸಿ, 64×64ರ ನಾಲ್ಕು ಪದರಗಳಲ್ಲಿ ಕೆಲಸ ಮಾಡುತ್ತದೆ. ಒಟ್ಟು 16,384 ಸಂಖ್ಯೆಗಳು. ಈ ಸಂಖ್ಯೆಗಳನ್ನೆಲ್ಲ ಸೀಡ್‌ನಿಂದ ಹುಟ್ಟಿಸಿದ ಗದ್ದಲದಿಂದ ತುಂಬುತ್ತದೆ. ಮಾಡೆಲ್ ಆ ಗದ್ದಲವನ್ನು ಹೆಜ್ಜೆಹೆಜ್ಜೆಗೆ ಸೋಸುತ್ತಾ ಹೋದಂತೆ ಅಜ್ಜ ಮೂಡುತ್ತಾನೆ. ಹಾಗಾಗಿ 1577 ಅನ್ನುವುದು ಅಜ್ಜನ ನಂಬರ್ ಅಲ್ಲ, ಗದ್ದಲದ ನಂಬರ್.

ಈ ಗದ್ದಲವನ್ನು ಹುಟ್ಟಿಸುವುದು ಯಾರು? ಕೆಲವು ತಂತ್ರಾಂಶಗಳು ಕಂಪ್ಯೂಟರಿನ ಮುಖ್ಯ ಪ್ರೊಸೆಸರಿನಲ್ಲಿ ಹುಟ್ಟಿಸಿದವು, ಕೆಲವು ಗ್ರಾಫಿಕ್ಸ್ ಕಾರ್ಡಿನಲ್ಲಿ. ಎರಡರ ಲೆಕ್ಕದ ಪದ್ಧತಿಯೇ ಬೇರೆ. ವಾನ್ ನಾಯ್ಮನ್ ಪದ್ಧತಿಯಲ್ಲಿ 1577 ಆದಮೇಲೆ 4869 ಬಂದರೆ, ಇನ್ನೊಂದು ಪದ್ಧತಿಯಲ್ಲಿ ಬರುವ ಸಂಖ್ಯೆಯೇ ಬೇರೆ ಅಲ್ವಾ, ಹಾಗೆ. ಆಗ ಇದನ್ನು ತಪ್ಪು ಅಂತ ಯಾರೂ ಅಂದುಕೊಳ್ಳಲಿಲ್ಲ. ಪ್ರತಿಯೊಬ್ಬರೂ ತಮ್ಮ ಯಂತ್ರದಲ್ಲಿ ಬೇಗ ಆಗುವ ದಾರಿ ಹಿಡಿದರು. ಜನ ಮಾತ್ರ ಸೀಡ್ ನಂಬರ್‌ಗಳನ್ನು ಬಿತ್ತನೆ ಮೆಕ್ಕೆಜೋಳದ ಚೀಲದಂತೆ ಒಬ್ಬರಿಗೊಬ್ಬರು ಹಂಚಿಕೊಂಡರು. ಯಾವ ಹೊಲದಲ್ಲಿ ಬೆಳೆದದ್ದು ಅಂತ ಚೀಟಿ ಅಂಟಿಸುವ ಅಭ್ಯಾಸ ಆಗಲೇ ಬಂದಿದ್ದರೆ ಎಷ್ಟೋ ಜನರ ಎಷ್ಟೋ ರಾತ್ರಿ ಉಳಿಯುತ್ತಿತ್ತು.

2023ರಲ್ಲಿ ಜಾಸ್ತಿ ಜನ ಬಳಸುತ್ತಿದ್ದ ಒಂದು ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ `Random number generator source` ಅನ್ನುವ ಆಯ್ಕೆ ಬಂತು. ಅದರಲ್ಲಿ `GPU`, `CPU`, `NV` ಅಂತ ಮೂರು. `CPU` ಇಟ್ಟರೆ ಯಾವ ಕಂಪನಿಯ ಕಾರ್ಡ್ ಇದ್ದರೂ ಗದ್ದಲ ಒಂದೇ. `NV` ಇಟ್ಟರೆ ಎನ್ವಿಡಿಯಾ ಕಾರ್ಡ್ ಹುಟ್ಟಿಸುವ ಗದ್ದಲವನ್ನೇ ಬೇರೆ ಯಂತ್ರದಲ್ಲೂ ಲೆಕ್ಕ ಹಾಕಿ ಕೊಡುತ್ತದೆ. ನಮ್ಮ ಅಂಗಡಿಯಲ್ಲಿ ಇದ್ದದ್ದು ಎನ್ವಿಡಿಯಾ ಕಾರ್ಡ್, ಆಯ್ಕೆ `GPU`. ಮನೆಯ ಲ್ಯಾಪ್‌ಟಾಪಿನಲ್ಲಿ ಆ ಕಾರ್ಡ್ ಇಲ್ಲ. ಅಲ್ಲಿ `CPU` ಇಟ್ಟರೂ ಹಳೆಯ ಅಜ್ಜ ಬರುವುದಿಲ್ಲ, ಯಾಕೆಂದರೆ ಅವನು ಹುಟ್ಟಿದ್ದು ಕಾರ್ಡಿನ ಗದ್ದಲದಲ್ಲಿ. `NV` ಇಡಬೇಕಿತ್ತು. ಇಟ್ಟೆ.

ಆದರೂ ಬೇರೆ ಅಜ್ಜನೇ ಬಂದ. ಎರಡನೆಯ ಕಾರಣ ಅಳತೆ. ನಾನು 768×512 ಕೊಟ್ಟಿದ್ದೆ. ಆಗ ಒಂದು ಸಾಲಿಗೆ 64ರ ಬದಲು 96 ಸಂಖ್ಯೆ. ಒಂದೇ ಸರದ ಮಣಿಗಳನ್ನು 64ಕ್ಕೊಮ್ಮೆ ಮಡಿಸಿದರೆ ಒಂದು ವಿನ್ಯಾಸ, 96ಕ್ಕೊಮ್ಮೆ ಮಡಿಸಿದರೆ ಇನ್ನೊಂದು. ಅಳತೆ ಬದಲಿಸಿದರೆ ಅದೇ ಚಿತ್ರ ಅಗಲವಾಗುವುದಿಲ್ಲ, ಚಿತ್ರವೇ ಬೇರೆಯಾಗುತ್ತದೆ. 512×512ಕ್ಕೆ ವಾಪಸ್ ಬಂದೆ. ಯಜಮಾನರ ಫೋನಿನಲ್ಲಿದ್ದ ವಾಟ್ಸಾಪ್ ಪ್ರತಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಈಗ ಕೂತ ಭಂಗಿ ಅದೇ, ರುಮಾಲು ಅದೇ ಜಾಗದಲ್ಲಿ. ಕೈ ಮತ್ತು ಬಣ್ಣ ಮಾತ್ರ ಕೂಡಿ ಬರಲಿಲ್ಲ.

ಕೈಯ ವಿಷಯ ಸ್ಟೆಪ್ಸ್‌ಗೆ ಸೇರಿದ್ದು. ಸ್ಟೆಪ್ಸ್ ಅಂದರೆ ಎಷ್ಟು ಸಲ ಸೋಸುವುದು. ಸೋಸುವ ವಿಧಾನಕ್ಕೆ ಸ್ಯಾಂಪ್ಲರ್ ಅನ್ನುತ್ತಾರೆ, ಮತ್ತು ಅದರಲ್ಲಿ ಎರಡು ಜಾತಿ. `Euler` ತರಹದವು ಮೊದಲಿನ ಗದ್ದಲ ಬಿಟ್ಟರೆ ಹೊಸದೇನೂ ಸೇರಿಸುವುದಿಲ್ಲ. ಅದರಲ್ಲಿ 20 ಹೆಜ್ಜೆಯ ಚಿತ್ರಕ್ಕೂ 30 ಹೆಜ್ಜೆಯ ಚಿತ್ರಕ್ಕೂ ಸಾಮಾನ್ಯವಾಗಿ ಅಲ್ಪಸ್ವಲ್ಪ ವ್ಯತ್ಯಾಸ. `Euler a` ಹಾಗಲ್ಲ. ಅದು ಪ್ರತಿ ಹೆಜ್ಜೆಯಲ್ಲೂ ಸೋಸಿ, ಮತ್ತೆ ಒಂದಿಷ್ಟು ಹೊಸ ಗದ್ದಲ ಬೆರೆಸುತ್ತದೆ. ಹೆಜ್ಜೆ ಎಷ್ಟು ಅನ್ನುವುದರ ಮೇಲೆ ಎಲ್ಲೆಲ್ಲಿ ಎಷ್ಟು ಬೆರೆಸಬೇಕು ಅನ್ನುವುದು ನಿಂತಿದೆ. ಆದ್ದರಿಂದ 20ನ್ನು 30 ಮಾಡಿದರೆ ಚಿತ್ರ ಇನ್ನಷ್ಟು ನಯವಾಗುವ ಬದಲು ಬೇರೆ ದಾರಿಗೆ ಹೋಗುತ್ತದೆ. ನಾನು ಬಳಸಿದ್ದು ಇದೇ. ಸುಮ್ನೆ ಜಾಸ್ತಿ ಇರಲಿ ಅಂತ ಕೊಟ್ಟ 30ನ್ನು 20ಕ್ಕೆ ಇಳಿಸಿದೆ, ಪೊಟ್ಟಣ ಹಿಡಿದ ಕೈ ಬಂತು.

ಇನ್ನು ಬಣ್ಣ. ಲ್ಯಾಪ್‌ಟಾಪಿನ ಅಜ್ಜನ ರುಮಾಲು ಕಣ್ಣಿಗೆ ಹೊಡೆಯುವಷ್ಟು ಕೆಂಪಾಗಿತ್ತು, ಮುಖದ ಸುಕ್ಕುಗಳು ಕೊರೆದಿಟ್ಟಂತೆ ಕಾಣುತ್ತಿದ್ದವು. ಗೈಡೆನ್ಸ್ ಸ್ಕೇಲ್ ಜಾಸ್ತಿಯಾದಾಗ ಕಾಣುವ ಲಕ್ಷಣ ಇದು. ಮಾಡೆಲ್ ಪ್ರತಿ ಹೆಜ್ಜೆಯಲ್ಲೂ ಎರಡು ಸಲ ಊಹೆ ಮಾಡುತ್ತದೆ: ನಿಮ್ಮ ವಾಕ್ಯ ಓದಿ ಒಂದು, ಓದದೆ ಒಂದು. ಆಮೇಲೆ ಎರಡರ ನಡುವಿನ ವ್ಯತ್ಯಾಸವನ್ನು ಹಿಗ್ಗಿಸುತ್ತದೆ. 2021ರಲ್ಲಿ ಜೊನಾಥನ್ ಹೋ ಮತ್ತು ಟಿಮ್ ಸಾಲಿಮಾನ್ಸ್ ತೋರಿಸಿದ ಲೆಕ್ಕ ಇವತ್ತು ತಂತ್ರಾಂಶಗಳಲ್ಲಿ ಹೀಗಿದೆ:

```
noise = uncond + scale * (cond - uncond)
```

ಓದದ ಊಹೆ `uncond` 2, ಓದಿದ ಊಹೆ `cond` 3 ಅಂದುಕೊಳ್ಳಿ. ಸ್ಕೇಲ್ 1 ಆದರೆ ಉತ್ತರ 3. ಸ್ಕೇಲ್ 7 ಆದರೆ 9, ಸ್ಕೇಲ್ 12 ಆದರೆ 14. ವಾಕ್ಯದಲ್ಲಿ ಕೆಂಪು ಅಂತ ಇದ್ದರೆ ಕೆಂಪಿನ ಕಡೆಗೆ ಅಷ್ಟು ಜೋರಾಗಿ ತಳ್ಳುತ್ತದೆ. ಬೇಡವಾದದ್ದನ್ನು ಬರೆಯುವ ನೆಗೆಟಿವ್ ಪ್ರಾಂಪ್ಟ್ ಕೂರುವುದು ಆ ಓದದ ಊಹೆಯ ಜಾಗದಲ್ಲಿ. ಸ್ಕೇಲ್ 1 ಇಟ್ಟರೆ ಆ ಊಹೆ ಲೆಕ್ಕದಿಂದಲೇ ಹೊಡೆದುಹೋಗುತ್ತದೆ, ನೆಗೆಟಿವ್ ಪ್ರಾಂಪ್ಟ್‌ನಲ್ಲಿ ಏನು ಬರೆದರೂ ಪ್ರಯೋಜನವಿಲ್ಲ. ಲ್ಯಾಪ್‌ಟಾಪಿನಲ್ಲಿ ಯಾವಾಗಲೋ 12 ಮಾಡಿಟ್ಟಿದ್ದೆ. 7ಕ್ಕೆ ಇಳಿಸಿದ ಮೇಲೆ ರುಮಾಲು ಹಳೆಯ ಬಣ್ಣಕ್ಕೆ ಬಂತು.

ಈ ಎಲ್ಲ ವಿವರ ಮೂಲ ಫೈಲಿನೊಳಗೇ ಇತ್ತು ಅನ್ನುವುದು ಬೇಜಾರಿನ ಸಂಗತಿ. ಆ ತಂತ್ರಾಂಶ ಪಿಎನ್‌ಜಿ ಫೈಲಿನಲ್ಲಿ ಇಂಥ ಒಂದು ಸಾಲು ಬರೆದಿಡುತ್ತದೆ:

```
Steps: 20, Sampler: Euler a, CFG scale: 7, Seed: 1577, Size: 512x512
```

ಇದರಲ್ಲಿ `CFG scale` ಅಂದರೆ ಗೈಡೆನ್ಸ್ ಸ್ಕೇಲ್. ಜೊತೆಗೆ ಮಾಡೆಲ್‌ನ ಗುರುತೂ ಇರುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗಿ ಜೆಪಿಜಿ ಆಗುತ್ತದೆ, ಆ ಸಾಲು ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಉಳಿಯುತ್ತಿತ್ತು. ಒಂದೇ ಸಲಕ್ಕೆ ನಾಲ್ಕು ಚಿತ್ರ ತೆಗೆಯುವವರು ಇನ್ನೊಂದು ಗಮನಿಸಬೇಕು: ಮೊದಲನೆಯದಕ್ಕೆ 1577 ಆದರೆ ಎರಡನೆಯದಕ್ಕೆ 1578. ಇಷ್ಟವಾದದ್ದು ಮೂರನೆಯದಾದರೆ ಬರೆದುಕೊಳ್ಳಬೇಕಾದದ್ದು 1579.

2023ರ ಕೊನೆಯಿಂದ ಈಚೆಗೆ ಬಂದ ಹಲವು ಮಾಡೆಲ್‌ಗಳಲ್ಲಿ ಹಳೆಯ ಅಂಕಿಗಳೇ ನಡೆಯುವುದಿಲ್ಲ. ಟರ್ಬೊ ಅನ್ನುವ ಬಗೆಯವು ಒಂದರಿಂದ ನಾಲ್ಕು ಹೆಜ್ಜೆಯಲ್ಲಿ ಮುಗಿಸುತ್ತವೆ, ಅವುಗಳಿಗೆ ಗೈಡೆನ್ಸ್ 7 ಕೊಟ್ಟರೆ ಚಿತ್ರ ಸುಟ್ಟಂತಾಗುತ್ತದೆ. ಆನ್‌ಲೈನ್ ಸೇವೆಗಳಲ್ಲಿ ಹಿಂದಿನ ಮಾಡೆಲ್ ಯಾವತ್ತು ಬದಲಾಯಿತು ಅನ್ನುವುದೇ ಬಳಸುವವರಿಗೆ ತಿಳಿಯದೆ ಹೋಗಬಹುದು. ಆಗ ಸೀಡ್ ಪೆಟ್ಟಿಗೆ ಪರದೆ ಮೇಲಿದ್ದರೂ ಹಳೆಯ ನಂಬರ್‌ಗೆ ಹಳೆಯ ಚಿತ್ರ ಬರುವುದಿಲ್ಲ. ಗಿರಾಕಿಗೆ ಮಾತು ಕೊಡುವ ಕೆಲಸವಾದರೆ ಮಾಡೆಲ್ ಫೈಲ್ ನಮ್ಮ ಡಿಸ್ಕಿನಲ್ಲೇ ಇರುವುದು ಒಳ್ಳೆಯದು.

ಎಲ್ಲ ಸರಿಮಾಡಿದ ಮೇಲೂ ಒಂದು ವ್ಯತ್ಯಾಸ ಉಳಿಯಿತು. ಅಜ್ಜನ ಅಂಗಿಯ ಮೂರನೆಯ ಗುಂಡಿ ಹಳೆಯ ಚಿತ್ರದಲ್ಲಿ ಬಿಳಿ, ಹೊಸದರಲ್ಲಿ ಬೂದು. ಗದ್ದಲ ಒಂದೇ ಆದರೂ, ಎರಡು ಯಂತ್ರಗಳು ದಶಮಾಂಶಗಳನ್ನು ಬೇರೆ ಬೇರೆ ರೀತಿ ದುಂಡುಮಾಡುತ್ತವೆ. ಆ ಚೂರುಪಾರು ಅಂತರ 20 ಹೆಜ್ಜೆಯಲ್ಲಿ ಬೆಳೆದು ಒಂದು ಗುಂಡಿಯಷ್ಟಾಗಿತ್ತು. ಸಾಫ್ಟ್‌ವೇರ್ ಆವೃತ್ತಿ ಬದಲಾದರೂ ಹೀಗಾಗಬಹುದು. ಇಂಥ ಮಾಡೆಲ್‌ಗಳ ಲೆಕ್ಕ ನಡೆಸುವ ಪೈಟಾರ್ಚ್ ತಂತ್ರಾಂಶದ ಕೈಪಿಡಿಯೇ ಬೇರೆ ಬೇರೆ ಆವೃತ್ತಿ, ಯಂತ್ರಗಳಲ್ಲಿ ಪೂರ್ತಿ ಒಂದೇ ಫಲಿತಾಂಶ ಬರುತ್ತದೆಂಬ ಖಾತ್ರಿ ಇಲ್ಲ ಅನ್ನುತ್ತದೆ.

ಗುಂಡಿಯನ್ನು ಕೈಯಿಂದಲೇ ಬಿಳಿ ಮಾಡಿದೆ. 512ರ ಚಿತ್ರವನ್ನು ಅಪ್‌ಸ್ಕೇಲರ್‌ನಲ್ಲಿ ನಾಲ್ಕು ಪಟ್ಟು ಹಿಗ್ಗಿಸಿ 2048 ಮಾಡಿ, ಫ್ಲೆಕ್ಸ್‌ನ ಅಗಲಕ್ಕೆ ಬೇಕಾದ ಗೋಡೆಯನ್ನು ಎರಡೂ ಬದಿಗೆ ಬೇರೆಯಾಗಿ ಸೇರಿಸಿದೆ. ಮೂಲ ಪಿಎನ್‌ಜಿಯನ್ನು ಈ ಸಲ ಗಿರಾಕಿಯ ಹೆಸರಿನ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಯಜಮಾನರು ಪ್ರೂಫ್ ನೋಡಿ ರುಮಾಲಿನ ಮೇಲೆ ಬೆರಳಿಟ್ಟು, "ಹಾಂ, ಇವ್ರು ನಮ್ಮ ಅಜ್ಜಾರು" ಅಂದರು.