ಸೋಬೆಲ್ ಕರ್ನಲ್‌ನ ನಡುವಿನ ಆ ‘2’ ಎಲ್ಲಿಂದ ಬಂತು?

ಚಿತ್ರದಲ್ಲಿ ಅಂಚು ಹುಡುಕುವುದನ್ನು ಕಲಿಯುವವರಿಗೆ ಮೊದಲು ಸಿಗುವುದು ಒಂಬತ್ತು ಅಂಕಿಗಳ ಈ ಚೌಕ, ಅಂದರೆ ಸೋಬೆಲ್ ಕರ್ನಲ್. ಇದರ ಪ್ರತಿ ಅಂಕಿಯನ್ನು ಅದರಡಿಯ ಪಿಕ್ಸೆಲ್‌ನ ಬೆಲೆಗೆ ಗುಣಿಸಿ ಎಲ್ಲವನ್ನೂ ಕೂಡಿದರೆ, ಅಲ್ಲಿ ಬೆಲೆ ಎಷ್ಟು ಬದಲಾಗುತ್ತಿದೆ ಎಂದು ತಿಳಿಯುತ್ತದೆ.

```
-1  0  1
-2  0  2
-1  0  1
```

ನಡುವಿನ ಸಾಲಿನಲ್ಲಿ 2 ಯಾಕೆ ಎಂದು ಕೇಳಿದರೆ ಬೇರೆ ಬೇರೆ ಉತ್ತರ ಬರುತ್ತದೆ. ನಡುವಿನ ಪಿಕ್ಸೆಲ್‌ಗೆ ಜಾಸ್ತಿ ತೂಕ ಎನ್ನುವವರಿದ್ದಾರೆ, ಚಿತ್ರವನ್ನು ನಯಗೊಳಿಸುವ ಗಾಸಿಯನ್ ತೂಕ ಎನ್ನುವವರಿದ್ದಾರೆ. ಸುಮ್ನೆ ಬಾಯಿಪಾಠ ಮಾಡಿ ಎನ್ನುವವರೂ ಇದ್ದಾರೆ. ಈ ಗೊಂದಲಕ್ಕೆ ಕಾರಣ, ಚೌಕ ಹುಟ್ಟಿದ ದಾರಿ ಒಂದು, ನಾವು ಅದನ್ನು ಅರ್ಥ ಮಾಡಿಕೊಳ್ಳುವ ದಾರಿ ಇನ್ನೊಂದು.

1963ರಲ್ಲಿ ಲಾರೆನ್ಸ್ ರಾಬರ್ಟ್ಸ್ ಎರಡಕ್ಕೆರಡು ಚೌಕದಲ್ಲಿ ಕರ್ಣದ ಪಿಕ್ಸೆಲ್‌ಗಳನ್ನು ಕಳೆದು ಅಂಚು ಹುಡುಕಿದರು. 1968ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಇರ್ವಿನ್ ಸೋಬೆಲ್ ಮತ್ತು ಗ್ಯಾರಿ ಫೆಲ್ಡ್‌ಮನ್ ಮೂರಕ್ಕೆ ಮೂರರ ಚೌಕ ಮಂಡಿಸಿದರು. 1970ರಲ್ಲಿ ಜುಡಿತ್ ಪ್ರೆವಿಟ್ ಅವರದ್ದು ಬಂತು. ಅದರಲ್ಲಿ 2 ಇಲ್ಲ, ಮೂರೂ ಸಾಲಿಗೆ 1.

ಸೋಬೆಲ್ ಹೊರಟದ್ದು ಹೀಗೆ. ನಡುವಿನ ಪಿಕ್ಸೆಲ್‌ನ ಸುತ್ತ ಎದುರುಬದುರಾಗಿ ನಾಲ್ಕು ಜೋಡಿಗಳಿವೆ: ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು, ಕರ್ಣಕ್ಕೆ ಎರಡು. ಪ್ರತಿ ಜೋಡಿಯೂ ತನ್ನ ದಿಕ್ಕಿನಲ್ಲಿ ಎಷ್ಟು ಏರಿಳಿತ ಇದೆ ಎಂದು ಹೇಳುತ್ತದೆ. ಅಡ್ಡ ಜೋಡಿಯ ನಡುವೆ 2 ಪಿಕ್ಸೆಲ್ ದೂರ, ಹಾಗಾಗಿ ವ್ಯತ್ಯಾಸವನ್ನು 2ರಿಂದ ಭಾಗಿಸಬೇಕು. ಕರ್ಣದ ಜೋಡಿಗೆ ದೂರ 2√2. ಜೊತೆಗೆ ಅದರ ಅಡ್ಡ ದಿಕ್ಕಿನ ಪಾಲನ್ನಷ್ಟೇ ತೆಗೆದುಕೊಳ್ಳಲು ಮತ್ತೆ √2ರಿಂದ ಭಾಗಿಸಬೇಕು. ಒಟ್ಟು 4ರಿಂದ. ಅಂದರೆ ಅಡ್ಡ ಜೋಡಿಗೆ 1/2, ಕರ್ಣಕ್ಕೆ 1/4. ಭಿನ್ನರಾಶಿ ಬೇಡವೆಂದು 4ರಿಂದ ಗುಣಿಸಿ, 2 ಮತ್ತು 1 ಸಿಗುತ್ತವೆ. ಇಲ್ಲಿ ನಯಗೊಳಿಸುವ ಮಾತೇ ಬರಲಿಲ್ಲ, ನೋಡಿ.

ಆದರೆ ಅದೇ ಚೌಕವನ್ನು ಎರಡು ತುಂಡು ಮಾಡಬಹುದು. ನನಗೆ ಇದೇ ಹೆಚ್ಚು ಇಷ್ಟ, ಕಲಿಸುವಾಗ ಇಲ್ಲಿಂದಲೇ ಶುರು ಮಾಡಬೇಕು ಎಂದು ನನ್ನ ನಂಬಿಕೆ. ಅಡ್ಡಕ್ಕೆ `[-1 0 1]`, ಇದು ಬಲದ ಪಿಕ್ಸೆಲ್‌ನಿಂದ ಎಡದ್ದನ್ನು ಕಳೆಯುತ್ತದೆ. ಉದ್ದಕ್ಕೆ `[1 2 1]`, ಇದು ಮೇಲಿನ, ನಡುವಿನ, ಕೆಳಗಿನ ಸಾಲುಗಳನ್ನು ಬೆರೆಸುತ್ತದೆ. ಎರಡನ್ನೂ ಗುಣಿಸಿದರೆ ಸೋಬೆಲ್. ಅಂಚು ಉದ್ದಕ್ಕೆ ನಿಂತಿದ್ದರೆ ಆ ದಿಕ್ಕಿನಲ್ಲಿ ಬೆಲೆ ಬದಲಾಗುವುದಿಲ್ಲ, ಆದ್ದರಿಂದ ಬೆರೆಸಿದರೆ ಅಂಚು ಮಸುಕಾಗುವುದಿಲ್ಲ. ನಾಯ್ಸ್ ಮಾತ್ರ ತಗ್ಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಮೂರು ಸಾಲುಗಳಲ್ಲೂ ಬೆಲೆ 10, 10, 60. ಪ್ರತಿ ಸಾಲಿನ ವ್ಯತ್ಯಾಸ 50. ಸೋಬೆಲ್ ಕೊಡುವುದು 50+100+50=200. ಬೆರಕೆಯ ತೂಕಗಳ ಮೊತ್ತ 4, ದೂರ 2, ಹಾಗಾಗಿ 8ರಿಂದ ಭಾಗಿಸಿದರೆ ಪಿಕ್ಸೆಲ್‌ಗೆ 25, ಇದು ಸರಿ. ಈಗ ನಡುವಿನ ಸಾಲಿನ 60 ನಾಯ್ಸ್‌ನಿಂದ 80 ಆಯಿತು ಅನ್ನಿ. ಆ ಸಾಲನ್ನು ಮಾತ್ರ ನಂಬಿದರೆ 35 ಬರುತ್ತದೆ, ತಪ್ಪು 10. ಸೋಬೆಲ್ 240/8, ಅಂದರೆ 30 ಕೊಡುತ್ತದೆ, ತಪ್ಪು ಅರ್ಧಕ್ಕಿಳಿಯಿತು. ಪ್ರೆವಿಟ್ ಇನ್ನೂ ಸ್ವಲ್ಪ ವಾಸಿ, 170/6, ಸುಮಾರು 28.3.

ಹಾಗಾದರೆ 2 ಇರುವುದು ನಾಯ್ಸ್‌ಗಾಗಿ ಅಲ್ಲ, ಅಲ್ವಾ? ಅದರ ಲಾಭ ದಿಕ್ಕಿನಲ್ಲಿದೆ. ಪಿಕ್ಸೆಲ್ ಕಳೆಯುವುದು ನಿಜವಾದ ಇಳಿಜಾರಲ್ಲ, ಅದರ ಅಂದಾಜು. ಬೇಗ ಬದಲಾಗುವ ಬೆಲೆಗಳನ್ನು ಅದು ಕಡಿಮೆ ತೋರಿಸುತ್ತದೆ. ಇನ್ನೊಂದು ದಿಕ್ಕಿನ ಬೆರಕೆಯೂ ಅದೇ ಥರ ತಗ್ಗಿಸಿದರೆ ಎರಡೂ ಸಮವಾಗಿ, ಅಂಚಿನ ಕೋನ ಸರಿ ಬರುತ್ತದೆ. ಮೆಲ್ಲಗೆ ಬದಲಾಗುವ ಚಿತ್ರಗಳಲ್ಲಿ ಪ್ರೆವಿಟ್‌ನ ಕೋನದ ತಪ್ಪು ಸೋಬೆಲ್‌ನ ಸುಮಾರು ಎರಡರಷ್ಟು. ಸೋಬೆಲ್ ಕೂಡ ಸ್ವಲ್ಪ ಅತಿಯಾಗಿ ಬೆರೆಸುತ್ತದೆ. ಅದಕ್ಕೇ ಹಾನೋ ಶಾರ್ 2000ದ ಹೊತ್ತಿಗೆ `[3 10 3]` ತಂದರು. ಅಂಥ ಚಿತ್ರಗಳಲ್ಲಿ ಅದರ ತಪ್ಪು ಸೋಬೆಲ್‌ನ ಸುಮಾರು ಕಾಲು ಭಾಗ. ವ್ಯತ್ಯಾಸದ ತುಂಡು ಹಾಗೇ ಇದೆ, ಬದಲಾಗಿದ್ದು ಬೆರಕೆಯ ತುಂಡು ಮಾತ್ರ. ಚೌಕವನ್ನು ಬಿಡಿಸಿ ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ.

ಚಿತ್ರಗಳ ಕೆಲಸಕ್ಕೆ ಬಳಸುವ ಲೈಬ್ರರಿ ಓಪನ್‌ಸಿವಿ ಕೂಡ ಈ ತುಂಡುಗಳನ್ನು ಬೇರೆ ಬೇರೆಯಾಗಿಯೇ ಕೊಡುತ್ತದೆ.

```python
kx, ky = cv2.getDerivKernels(1, 0, 3)
# kx: -1 0 1    ky: 1 2 1
```

ಒಂದು ಎಚ್ಚರಿಕೆ. `cv2.Sobel`ಗೆ `cv2.CV_8U` ಕೊಟ್ಟರೆ ಋಣ ಬೆಲೆಗಳೆಲ್ಲ ಸೊನ್ನೆಯಾಗುತ್ತವೆ. ಕಪ್ಪು ಹಿನ್ನೆಲೆಯ ಬಿಳಿ ಡಬ್ಬದ ಎಡ ಅಂಚು ಕಾಣುತ್ತದೆ, ಬಲದ್ದು ಮಾಯ. ಹಾಗೆ ಒಂದೇ ಬದಿ ಕಂಡರೆ ಕರ್ನಲ್‌ನಲ್ಲಿ ದೋಷ ಹುಡುಕಬೇಡಿ. `cv2.CV_16S` ಕೊಟ್ಟು, ಆಮೇಲೆ ಚಿಹ್ನೆ ಬಿಟ್ಟು ಬೆಲೆ ನೋಡಿ.