ಹಿಮ್ಮಡಿ ಎತ್ತಿದಾಗ ಪಾದದ ಕೀಲು ಹೊರುವ ಭಾರ

ಶರೀರದ ಸನ್ನೆಕೋಲುಗಳನ್ನು ಕಲಿಸುವಾಗ ಕುತ್ತಿಗೆಯಾಗಲಿ ಮೊಣಕೈಯಾಗಲಿ ನನಗೆ ಅಷ್ಟಾಗಿ ತೊಂದರೆ ಕೊಟ್ಟಿಲ್ಲ. ಬಾಗಿದ ತಲೆಯನ್ನು ಎತ್ತುವಾಗ ತಲೆಬುರುಡೆ ಮೊದಲ ಕಶೇರುವಿನ ಮೇಲೆ ಕೂರುವ ಜಾಗವೇ ಆಧಾರ ಬಿಂದು. ತಲೆಯ ಭಾರ ಅದರ ಮುಂದಕ್ಕೂ ಎಳೆಯುವ ಸ್ನಾಯು ಹಿಂದಕ್ಕೂ ಇರುವುದರಿಂದ ಅದು ಒಂದನೇ ವರ್ಗ. ಕೈಯಲ್ಲಿ ಭಾರ ಹಿಡಿದು ಮೊಣಕೈ ಮಡಿಸುವಾಗ ಸ್ನಾಯುವಿನ ಬಲ ಕೀಲಿಗೂ ಭಾರಕ್ಕೂ ನಡುವೆ ಬೀಳುವುದರಿಂದ ಅದು ಮೂರನೆಯದು. ವಿದ್ಯಾರ್ಥಿಗಳು ಎಡವುವುದು ಪಾದದಲ್ಲಿ.

ಮೇಲಿನ ಎರಡರಲ್ಲೂ ಕೀಲೇ ಆಧಾರ ಬಿಂದುವಾಗಿದ್ದುದನ್ನು ಕಂಡವರು ಪಾದದಲ್ಲೂ ಕೀಲಿಗೇ ಆಧಾರದ ಗುರುತಾದ ತ್ರಿಕೋನ ಬರೆಯುತ್ತಾರೆ. ತುದಿಗಾಲಿನಲ್ಲಿ ನಿಂತಾಗ ನೆಲಕ್ಕೆ ಊರಿರುವುದು ಬೆರಳುಗಳ ಬುಡ, ಅದೇ ಆಧಾರ. ಭಾರ ಕೀಲಿನ ಮೇಲೆ ಇಳಿಯುತ್ತದೆ, ಮೀನಖಂಡದ ಸ್ನಾಯುರಜ್ಜು ಹಿಮ್ಮಡಿಯನ್ನು ಮೇಲಕ್ಕೆಳೆಯುತ್ತದೆ. ಭಾರ ನಡುವೆ ಇರುವುದರಿಂದ ಇದು ಎರಡನೇ ವರ್ಗ. ಇಷ್ಟನ್ನು ಒಂದು ತರಗತಿಯಲ್ಲಿ ತಿದ್ದಬಹುದು.

ತಿದ್ದಲು ವರ್ಷಗಟ್ಟಲೆ ಹೆಣಗಿಸಿರುವ ತಪ್ಪು ಇದರ ಮುಂದಿನದು. 60 ಕೆಜಿ ತೂಕದವರು ಒಂದೇ ಕಾಲಿನ ತುದಿಯಲ್ಲಿ ನಿಂತಿದ್ದಾರೆ ಎನ್ನೋಣ. ಬೆರಳಿನ ಬುಡದಿಂದ ಕೀಲಿಗೆ 12 ಸೆಂ.ಮೀ., ಕೀಲಿನಿಂದ ರಜ್ಜುವಿಗೆ 5 ಸೆಂ.ಮೀ. ಎಂದಿಟ್ಟುಕೊಂಡರೆ, ಜಾಣ ವಿದ್ಯಾರ್ಥಿಯೂ 60ನ್ನು 12ರಿಂದ ಗುಣಿಸಿ 17ರಿಂದ ಭಾಗಿಸಿ, ಸ್ನಾಯುವಿಗೆ ಸುಮಾರು 42 ಕೆಜಿಯಷ್ಟು ಎಳೆತ ಸಾಕೆಂದು ಬರೆಯುತ್ತಾನೆ. ಹಾಗಿದ್ದರೆ ನಿನ್ನ ಮೀನಖಂಡ ಇಷ್ಟು ಬೇಗ ಏಕೆ ಸೋಲುತ್ತದೆ ಎಂದು ನಾನು ಕೇಳುತ್ತೇನೆ.

ಆ ಸ್ನಾಯುವಿನ ಕೆಳತುದಿ ಹಿಮ್ಮಡಿಗೆ ಅಂಟಿದ್ದರೆ ಮೇಲ್ತುದಿ ಅದೇ ಕಾಲಿನ ಮೂಳೆಗಳಿಗೆ ಅಂಟಿದೆ. ಹಿಮ್ಮಡಿಯನ್ನು ಎಷ್ಟು ಬಲದಿಂದ ಮೇಲಕ್ಕೆಳೆಯುತ್ತದೆಯೋ ಅಷ್ಟೇ ಬಲದಿಂದ ಅದು ಕಾಲನ್ನು ಕೆಳಕ್ಕೆ, ಕೀಲಿನ ಮೇಲೆಯೇ ಒತ್ತುತ್ತದೆ. ಆದ್ದರಿಂದ ಕೀಲಿನ ಮೇಲಿನ ಭಾರ ಬರೀ 60 ಅಲ್ಲ, 60ಕ್ಕೆ ಎಳೆತವನ್ನೂ ಕೂಡಿಸಬೇಕು. ಕೂಡಿಸಿ ಲೆಕ್ಕ ಹಾಕಿದರೆ ಎಳೆತ 144 ಕೆಜಿಯಷ್ಟು, ಕೀಲಿನ ಭಾರ 204ರಷ್ಟು ಬರುತ್ತದೆ. 144 ಎಂಬುದು 204ಕ್ಕಿಂತ ಕಡಿಮೆಯೇ. ಭಾರಕ್ಕಿಂತ ಕಡಿಮೆ ಬಲ ಸಾಕೆಂಬ ಎರಡನೇ ವರ್ಗದ ಲಾಭ ಕಳೆದುಹೋಗಿಲ್ಲ, ಆದರೆ ಅದನ್ನು ದೇಹದ ತೂಕದೊಡನೆ ಹೋಲಿಸುವುದು ತಪ್ಪು.

ಒಬ್ಬ ವಿದ್ಯಾರ್ಥಿನಿ ಇದನ್ನು ನಂಬದೆ ತೂಕದ ಯಂತ್ರದ ಮೇಲೆ ತುದಿಗಾಲಿನಲ್ಲಿ ನಿಂತು, ಮುಳ್ಳು ಅಲುಗದಿರುವುದನ್ನು ತೋರಿಸಿ, ಉಳಿದ ಭಾರ ಎಲ್ಲಿದೆ ಸರ್ ಎಂದು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಯಂತ್ರಕ್ಕೆ ತಿಳಿಯುವುದು ನೆಲಕ್ಕೆ ತಲುಪುವ ಬಲ ಮಾತ್ರ; ಸ್ನಾಯುವಿನ ಮೇಲೆಳೆತ, ಕೆಳಗೊತ್ತು ಎರಡೂ ದೇಹದೊಳಗೇ ಪರಸ್ಪರ ಸರಿಹೋಗುತ್ತವೆ. ರಜ್ಜುವನ್ನು ಎರಡು ಬೆರಳಿನಲ್ಲಿ ಹಿಡಿದು ಮತ್ತೊಮ್ಮೆ ನಿಲ್ಲಲು ಹೇಳಿದೆ. ಅದು ಬಿಗಿದ ಹಗ್ಗದಂತಾದದ್ದು ಅವಳಿಗೇ ತಿಳಿಯಿತು.

ಪಾದದ ಅಳತೆ ಒಬ್ಬರಿಂದೊಬ್ಬರಿಗೆ ಬದಲಾಗುತ್ತದೆ, ರಜ್ಜು ಸಂಪೂರ್ಣ ನೇರವಾಗಿಯೂ ಎಳೆಯುವುದಿಲ್ಲ. ಆದ್ದರಿಂದ 144ನ್ನು ಯಾರ ಕಾಲಿನ ಚಿಕಿತ್ಸೆಗೂ ಆಧಾರವಾಗಿಸಬಾರದು.