ಅಡಿಕೆ ಮರ ಹೋಗಿ ಕುಂಡದ ಗಿಡ ಬಂತು

ಎರಡು ಮಳೆಗಾಲದ ಹಿಂದೆ ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ನಮ್ಮ ಪುಟ್ಟ ಸ್ಟುಡಿಯೋಗೆ ಬಂದರು. ಕೈಯಲ್ಲಿ ಮಕ್ಕಳ ಕಥೆ, 24 ಪುಟದ್ದು. ತೋಟದ ಮನೆಯ ಹುಡುಗಿ, ಅವಳ ಅಜ್ಜ, ಬಿಡದೆ ಸುರಿಯುವ ಮಳೆ. ಪುಟಕ್ಕೊಂದು ಚಿತ್ರ ಬೇಕು, ದುಡ್ಡು ಜಾಸ್ತಿ ಇಲ್ಲ ಅಂದರು. ಚಿತ್ರ ಬರೆಯುವ ಆನ್‌ಲೈನ್ ಎಐ ಸೇವೆಯೊಂದರಲ್ಲಿ ಕಚ್ಚಾ ಚಿತ್ರ ತೆಗೆಯುವುದು, ಅದರ ಮೇಲೆ ನಮ್ಮ ಕಲಾವಿದ ಹುಡುಗ ಗೆರೆ, ಬಣ್ಣ ತಿದ್ದುವುದು ಅಂತ ಒಪ್ಪಿಕೊಂಡೆವು.

ಹನ್ನೊಂದು ಪುಟ ಚೆನ್ನಾಗಿ ಬಂತು. ಏನು ಬರೆಯಬೇಕು ಅಂತ ಎಐಗೆ ಟೈಪ್ ಮಾಡಿ ಕೊಡುವ ಮಾತಿಗೆ ಪ್ರಾಂಪ್ಟ್ ಅನ್ನುತ್ತಾರೆ. ಎಲ್ಲ ಪುಟಕ್ಕೂ ಅದರ ಬುಡ ಒಂದೇ ಇತ್ತು:

```
flat ink and wash illustration, girl in red skirt,
tiled-roof house, areca palms, monsoon rain
```

ಒಂದು ಸೋಮವಾರ ಹನ್ನೆರಡನೇ ಪುಟಕ್ಕೆ ಇದನ್ನೇ ಹಾಕಿದೆ. ಬಂದ ಚಿತ್ರ ನೋಡಿ ಕಣ್ಣುಜ್ಜಿಕೊಂಡೆ. ಮಳೆ ಮೊದಲು ಓರೆಯಾದ ತೆಳು ಗೆರೆಯಾಗಿತ್ತು. ಈಗ ಸಿನಿಮಾದ ಮಳೆಯ ಹಾಗೆ ಒಂದೊಂದು ಹನಿಯೂ ಮಿಂಚುತ್ತಿತ್ತು. ಅಂಗಳದ ನೀರಲ್ಲಿ ಮನೆಯ ನೆರಳು ಬೇರೆ. ಮನೆ ಹಿಂದೆ ಪೊದೆ ಪೊದೆಯಾಗಿ ಏನೋ ಬೆಳೆದಿತ್ತು. ಮೇಷ್ಟ್ರಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು. "ಇದು ಬ್ಯಾಂಕಿನ ಬಾಗಿಲಲ್ಲಿ ಕುಂಡದಲ್ಲಿ ಇಡ್ತಾರಲ್ಲ, ಆ ಗಿಡ ಕಣ್ರೀ. ನಮ್ಮ ಅಡಿಕೆ ಅಲ್ಲ."

ಅವರು ಹೇಳಿದ್ದು ಅಕ್ಷರಶಃ ಸರಿ. ಇಂಗ್ಲಿಷಿನಲ್ಲಿ `areca palm` ಅಂದರೆ ನರ್ಸರಿಯವರು ಮಾರುವ ಆ ಅಲಂಕಾರದ ಗಿಡವೇ. ನಮ್ಮ ಅಡಿಕೆ ಮರದ ಕುಲದ ಹೆಸರೂ ಅರೆಕಾ ಆದರೂ, ಅಂಗಡಿಯ ಮಾತಿನಲ್ಲಿ ಆ ಹೆಸರು ಕುಂಡದ ಗಿಡಕ್ಕೇ ಅಂಟಿಕೊಂಡಿದೆ. ಸೇವೆಯ ಒಳಗೆ ಚಿತ್ರ ಬರೆಯುವ ಎಐ ಮಾಡೆಲ್ ನಡುವೆ ಬದಲಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಹಳೆಯ ಮಾಡೆಲ್‌ಗೆ ಆ ಪದ ಸರಿಯಾಗಿ ಗೊತ್ತಿರಲಿಲ್ಲ ಅಂತ ಕಾಣುತ್ತೆ. ತಾಳೆ ಜಾತಿಯ ಯಾವುದೋ ಉದ್ದ ಮರ ಅಂದುಕೊಂಡು ಬರೆಯುತ್ತಿತ್ತು. ಅದು ನಮ್ಮ ಅದೃಷ್ಟಕ್ಕೆ ಅಡಿಕೆ ಹಾಗೇ ಕಾಣುತ್ತಿತ್ತು. ಹೊಸದಕ್ಕೆ ಪದ ಇನ್ನೂ ಚೆನ್ನಾಗಿ ಗೊತ್ತು. ಅದಕ್ಕೇ ಎಡವಟ್ಟಾಯಿತು! ಮಾಡೆಲ್ ಹಾಳಾಗಿದೆ ಅಂತ ಬೈಯುವ ಮೊದಲು ಇದೊಂದು ಸಾಧ್ಯತೆ ನೆನಪಿರಲಿ.

ಮೊದಲು ಮಾಡಬೇಕಾದ್ದು, ತಪ್ಪು ನಮ್ಮದೋ ಮಾಡೆಲಿನದೋ ಅಂತ ಗೊತ್ತುಮಾಡಿಕೊಳ್ಳುವುದು. ಒಪ್ಪಿಗೆಯಾದ ಹಳೆಯ ಚಿತ್ರವೊಂದನ್ನು ಅದೇ ಪ್ರಾಂಪ್ಟ್, ಸೀಡ್ ಅನ್ನುವ ಅದೇ ಸಂಖ್ಯೆ, ಅದೇ ಅಳತೆಯಲ್ಲಿ ಮತ್ತೆ ತೆಗೆಯಿರಿ. ನಾನು ಏಳನೇ ಪುಟ ತೆಗೆದೆ. ಬೇರೆಯೇ ಬಂತು. ಸೇವೆಯ ಮೆನುವಿನಲ್ಲಿ ಹಳೆಯ ವರ್ಷನ್ ಆರಿಸಿ ಮತ್ತೆ ತೆಗೆದೆ. ಕೂದಲೆಳೆಯ ವ್ಯತ್ಯಾಸ ಬಿಟ್ಟರೆ ಹಳೆಯದೇ ಬಂತು. ವಾರಾಂತ್ಯದಲ್ಲಿ ಡೀಫಾಲ್ಟ್ ವರ್ಷನ್ ಬದಲಾಗಿತ್ತು, ನಾನು ನೋಡಿರಲಿಲ್ಲ, ಅಷ್ಟೆ.

ಸೀಡ್ ಒಂದೇ ಇದ್ದರೂ ಚಿತ್ರ ಯಾಕೆ ಬದಲಾಗುತ್ತೆ ಅಂತ ಬಹಳ ಜನ ಕೇಳುತ್ತಾರೆ. ಸೀಡ್ ಚಿತ್ರದ ನಂಬರ್ ಅಲ್ಲ. ಈ ಬಗೆಯ ಮಾಡೆಲ್‌ಗಳು ಹಳೇ ಟಿವಿಯ ಚುಕ್ಕಿ ಚುಕ್ಕಿ ಪರದೆಯಂಥ ಗದ್ದಲದಿಂದ ಶುರುಮಾಡಿ, ಹಂತ ಹಂತವಾಗಿ ಅದನ್ನು ಒರೆಸುತ್ತಾ ಚಿತ್ರ ತೆಗೆಯುತ್ತವೆ. ಮೊದಲ ಗದ್ದಲ ಹೇಗಿರಬೇಕು ಅನ್ನುವುದಷ್ಟೇ ಸೀಡ್‌ನ ಕೆಲಸ. ಅದರಲ್ಲಿ ಏನು ಕಾಣಬೇಕು ಅಂತ ತೀರ್ಮಾನಿಸುವುದು ಮಾಡೆಲ್. ಚಿತ್ರದ ಅಳತೆ ಬದಲಾದರೆ ಗದ್ದಲವೂ ಬದಲಾಗುತ್ತೆ. ನಮ್ಮ ಕಂಪ್ಯೂಟರಿಗೇ ಇಳಿಸಿಕೊಳ್ಳಬಹುದಾದ ಸ್ಟೇಬಲ್ ಡಿಫ್ಯೂಷನ್ 1.5 ಮಾಡೆಲಿನ ಸಹಜ ಅಳತೆ 512 ಪಿಕ್ಸೆಲ್, ಒಳಗಿನ ಗದ್ದಲ 64×64 ಚೌಕ. ಅದೇ ಸಾಲಿನಲ್ಲಿ 2023ರಲ್ಲಿ ಬಂದ ಎಸ್‌ಡಿಎಕ್ಸ್‌ಎಲ್‌ನದು 1024, ಗದ್ದಲ 128×128. ಹಾಗಾಗಿ ಒಂದರ ಸೀಡನ್ನು ಇನ್ನೊಂದಕ್ಕೆ ಒಯ್ದು ಏನೂ ಉಪಯೋಗವಿಲ್ಲ.

ಇನ್ನು ಪದಗಳ ವಿಷಯ. ನಾವು ಟೈಪ್ ಮಾಡಿದ್ದನ್ನು ಮಾಡೆಲ್ ಹಾಗೇ ಓದುವುದಿಲ್ಲ. ಪದವನ್ನು ಅಂಕಿಗಳನ್ನಾಗಿ ಮಾಡುವ ಒಂದು ಭಾಗ ನಡುವೆ ಇರುತ್ತೆ, ಅದಕ್ಕೆ ಟೆಕ್ಸ್ಟ್ ಎನ್‌ಕೋಡರ್ ಅನ್ನುತ್ತಾರೆ. ಸ್ಟೇಬಲ್ ಡಿಫ್ಯೂಷನ್ 1.5ರಿಂದ 2.0ಗೆ ಹೋದಾಗ, ಅಂದರೆ 2022ರ ನವೆಂಬರಿನಲ್ಲಿ, ಈ ಭಾಗವೇ ಬದಲಾಯಿತು. ಕಲಾವಿದರ ಹೆಸರು ಹಾಕಿ ಶೈಲಿ ತರುತ್ತಿದ್ದವರ ಪ್ರಾಂಪ್ಟ್‌ಗಳು ಆಗ ಒಮ್ಮೆಗೇ ಕೈಕೊಟ್ಟವು. ಎಸ್‌ಡಿಎಕ್ಸ್‌ಎಲ್‌ನಲ್ಲಂತೂ ಎರಡು ಎನ್‌ಕೋಡರ್ ಇವೆ.

ಮದುವೆ ಮನೆಯ ಅಡುಗೆ ಭಟ್ಟರಿಗೆ "ಖಾರ ಹದವಾಗಿರಲಿ" ಅಂತ ಚೀಟಿ ಬರೆದುಕೊಟ್ಟಂತೆ ಇದು. ಭಟ್ಟರು ಬದಲಾದರೆ ಚೀಟಿ ಅದೇ, ಸಾರು ಬೇರೆ. ನಮ್ಮ ಪ್ರಾಂಪ್ಟಿನಲ್ಲಿ ಮಳೆ ಹೇಗಿರಬೇಕು, ಬೆಳಕು ಎಲ್ಲಿಂದ, ಕೆಂಪು ಎಂಥದ್ದು, ಯಾವುದನ್ನೂ ಹೇಳಿರಲಿಲ್ಲ. ಹೇಳದ್ದನ್ನೆಲ್ಲ ಮಾಡೆಲ್ ತನ್ನ ರುಚಿಯಿಂದ ತುಂಬಿಕೊಳ್ಳುತ್ತೆ. ಅಪ್‌ಡೇಟಿನಲ್ಲಿ ಬದಲಾಗುವುದು ಮುಖ್ಯವಾಗಿ ಈ ರುಚಿ.

ಕಣ್ಣಿಗೆ ಕಾಣದ ಇನ್ನೊಂದು ಪದರವೂ ಇರಬಹುದು. ಕೆಲವು ಸೇವೆಗಳು ನಮ್ಮ ಪ್ರಾಂಪ್ಟನ್ನು ಮೊದಲು ತಾವೇ ಉದ್ದ ಮಾಡಿ ಬರೆದು, ಆಮೇಲೆ ಮಾಡೆಲ್‌ಗೆ ಕೊಡುತ್ತವೆ. ಓಪನ್‌ಎಐ ಕಂಪನಿಯ 2023ರ ಚಿತ್ರದ ಮಾಡೆಲ್ ಡಾಲ್-ಇ 3 ಹೀಗೇ ಮಾಡುತ್ತಿತ್ತು. ಅದನ್ನು ಎಪಿಐ ಮೂಲಕ, ಅಂದರೆ ನಮ್ಮ ಪ್ರೋಗ್ರಾಮಿನಿಂದ ನೇರವಾಗಿ ಕೇಳಿದರೆ, ಉತ್ತರದಲ್ಲಿ `revised_prompt` ಅಂತ ತಿದ್ದಿದ ಪಠ್ಯವೂ ಬರುತ್ತಿತ್ತು. ಅಂಥ ಸೌಲಭ್ಯ ಇದ್ದರೆ ಆ ಪಠ್ಯವನ್ನೂ ಎತ್ತಿಟ್ಟುಕೊಳ್ಳಿ. ತಿದ್ದುವ ರೀತಿ ಬದಲಾದರೆ ಮಾಡೆಲ್ ಅದೇ ಇದ್ದೂ ಚಿತ್ರ ಬೇರೆಯಾಗುತ್ತೆ.

ಮೇಷ್ಟ್ರ ಪುಸ್ತಕಕ್ಕೆ ನಾನು ಹೊಸ ವರ್ಷನ್ ಮುಟ್ಟಲೇ ಇಲ್ಲ. ಹೊಸದನ್ನು ಹಳೆಯದರ ಹಾಗೆ ಮಾಡಲು ಪ್ರಾಂಪ್ಟ್ ತಿದ್ದುತ್ತಾ ಕೂರಬಹುದಿತ್ತು. ಎರಡು ದಿನ ಕೂತೂ ನೋಡಿದೆ. `areca palms` ತೆಗೆದು `tall thin straight ringed trunks, small green crown` ಅಂತ ಹಾಕಿದ ಮೇಲೆ ಮರವೇನೋ ಸರಿಯಾಯಿತು. ಆದರೆ ಹುಡುಗಿಯ ಮುಖ ಬೇರೆಯಾಯಿತು. ಅದನ್ನು ಸರಿಮಾಡಿದರೆ ಕಾಗದದ ಬಿಳುಪು ಹೋಯಿತು. ಒಂದೇ ಪುಸ್ತಕದ ಮಧ್ಯೆ ಇದು ಸುಮ್ನೆ ಕಾಲಹರಣ. ಹಳೆಯ ವರ್ಷನ್ ಮೆನುವಿನಲ್ಲಿ ಇನ್ನೂ ಇತ್ತಲ್ಲ, ಉಳಿದ 13 ಪುಟಕ್ಕೂ ಕಚ್ಚಾ ಚಿತ್ರ ಎರಡೇ ವಾರದಲ್ಲಿ ತೆಗೆದು ಡಿಸ್ಕಿಗೆ ಹಾಕಿಕೊಂಡೆ. ತಿದ್ದುವ ಕೆಲಸ ಆಮೇಲೆ ನಿಧಾನವಾಗಿ ನಡೆಯಿತು.

ನಿಜವಾದ ತಲೆನೋವು ಮುಂದಿನ ವರ್ಷ ಶುರುವಾಯಿತು. ಎರಡನೇ ಭಾಗ ಬೇಕು, ಅದೇ ಹುಡುಗಿ, ಈ ಸಲ ಕೊಯ್ಲಿನ ಕಾಲ. ಅಷ್ಟರಲ್ಲಿ ಹಳೆಯ ವರ್ಷನ್ ಮೆನುವಿನಿಂದಲೇ ಮಾಯ. ಬೇರೆಯವರ ಸರ್ವರಿನಲ್ಲಿರುವುದು ನಮ್ಮದಲ್ಲ ಅಂತ ಆಗ ಸರಿಯಾಗಿ ಗೊತ್ತಾಯಿತು. ಡೌನ್‌ಲೋಡ್ ಮಾಡಬಹುದಾದ ಮಾಡೆಲ್ ಇದ್ದರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಸ್ಟೇಬಲ್ ಡಿಫ್ಯೂಷನ್ 1.5ರ ಫೈಲ್ ಮೊದಲಿಂದ ಇದ್ದ ಜಾಗದಿಂದ 2024ರಲ್ಲಿ ತೆಗೆದುಹಾಕಲ್ಪಟ್ಟಿತು. ಅದನ್ನು ಅಲ್ಲಿಂದಲೇ ಎಳೆದುಕೊಳ್ಳುತ್ತಿದ್ದ ಪ್ರೋಗ್ರಾಮ್‌ಗಳು ನಿಂತವು. ಪ್ರತಿಗಳು ಬೇರೆ ಕಡೆ ಸಿಗುತ್ತವೆ, ನಿಜ. ಆದರೂ ಫೈಲ್ ನಮ್ಮ ಡಿಸ್ಕಿನಲ್ಲಿದ್ದರೆ ಆ ಚಿಂತೆಯೇ ಇಲ್ಲ.

ಹಾಗಾಗಿ ಈ ಸಲ ಎಸ್‌ಡಿಎಕ್ಸ್‌ಎಲ್ ಇಳಿಸಿಕೊಂಡೆ. ಸುಮಾರು 7 ಜಿಬಿ ಫೈಲ್. ಮೊದಲ ಭಾಗದ ಚಿತ್ರಗಳಲ್ಲಿ 22 ಆರಿಸಿ, ಅವುಗಳ ಮೇಲೆ ಒಂದು ಲೋರಾ ತರಬೇತಿ ಮಾಡಿದೆವು. ಲೋರಾ ಅಂದರೆ ದೊಡ್ಡ ಮಾಡೆಲನ್ನು ಮುಟ್ಟದೆ ಅದರ ಪಕ್ಕ ಕೂರಿಸುವ ಸಣ್ಣ ಫೈಲ್. ನಮ್ಮ ಶೈಲಿಯನ್ನಷ್ಟೇ ಕಲಿತಿರುತ್ತೆ. ಇದಕ್ಕೆ ಮುಂಚೆ ಸೇವೆಯ ಷರತ್ತುಗಳನ್ನು ಓದಿಕೊಳ್ಳಿ. ಅಲ್ಲಿ ತೆಗೆದ ಚಿತ್ರದಿಂದ ತರಬೇತಿ ಮಾಡಲು ಎಲ್ಲರೂ ಬಿಡುವುದಿಲ್ಲ.

ತರಬೇತಿಯಲ್ಲಿ ಪ್ರತಿ ಚಿತ್ರಕ್ಕೂ ಒಂದು ವಿವರಣೆ ಬರೆಯಬೇಕು. ಕೈಕೊಡುವುದು ಇಲ್ಲೇ. ಚಿತ್ರದಿಂದ ಚಿತ್ರಕ್ಕೆ ಬದಲಾಗುವುದನ್ನೆಲ್ಲ ಬರೆಯಬೇಕು: ಹುಡುಗಿ ಕೂತಿದ್ದಾಳೆ, ಅಡುಗೆಮನೆ, ರಾತ್ರಿ. ಶೈಲಿಯ ಬಗ್ಗೆ ಬರೆಯಬಾರದು. ಬರೆಯದೇ ಬಿಟ್ಟದ್ದು, ಎಲ್ಲ ಚಿತ್ರದಲ್ಲೂ ಇರುವುದು, ಲೋರಾಕ್ಕೆ ಅಂಟಿಕೊಳ್ಳುತ್ತೆ. ನಾವು ಶೈಲಿ ಬಿಟ್ಟೆವು, ಸರಿ. ಮಳೆಯನ್ನೂ ಬಿಟ್ಟುಬಿಟ್ಟಿದ್ದೆವು. 22 ಚಿತ್ರದಲ್ಲೂ ಮಳೆ! ಮೊದಲ ಲೋರಾದಲ್ಲಿ ಕೊಯ್ಲಿನ ಬಿಸಿಲು ಕೇಳಿದರೂ ಮಳೆಯೇ ಸುರಿಯಿತು. ಅಂಗಳದಲ್ಲಿ ಅಡಿಕೆ ಹರವಿದೆ, ಮೇಲೆ ಜಡಿ ಮಳೆ. ಮೇಷ್ಟ್ರು ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಕಲಾವಿದ ಹುಡುಗ ಬಿಸಿಲಿನ ಆರು ಚಿತ್ರ ಕೈಯಿಂದಲೇ ಬರೆದುಕೊಟ್ಟ. ವಿವರಣೆಗಳಿಗೆ ಮಳೆ, ಬಿಸಿಲು ಸೇರಿಸಿ ಮತ್ತೆ ತರಬೇತಿ ಮಾಡಿದ ಮೇಲೆ ಸರಿಹೋಯಿತು.

ಲೋರಾ ತಾನು ಕಲಿತ ಮಾಡೆಲ್‌ಗೇ ಕಟ್ಟುಬಿದ್ದಿರುತ್ತೆ. ಎಸ್‌ಡಿಎಕ್ಸ್‌ಎಲ್‌ನಲ್ಲಿ ಕಲಿತದ್ದು 1.5ರಲ್ಲಿ ಕೂರುವುದಿಲ್ಲ. ಮುಂದೆ ಬರುವ ಬೇರೆ ರಚನೆಯ ಮಾಡೆಲಿನಲ್ಲೂ ಕೂರುವುದಿಲ್ಲ. ಆದ್ದರಿಂದ ಲೋರಾ ಜೊತೆ ಮಾಡೆಲ್ ಫೈಲ್, ತರಬೇತಿಯ 28 ಚಿತ್ರ, ವಿವರಣೆ, ಮೂರನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟಿದ್ದೇವೆ. ಮಾಡೆಲ್ ಬದಲಿಸಲೇಬೇಕಾದ ದಿನ ಆ ಚಿತ್ರಗಳಿಂದ ಹೊಸ ಲೋರಾ ಮಾಡಿಕೊಳ್ಳಬಹುದು. ಪ್ರತಿ ಪುಟಕ್ಕೂ ಹೀಗೊಂದು ಟಿಪ್ಪಣಿ ಇರುತ್ತೆ:

```
p07  model: sd_xl_base_1.0.safetensors
     seed: 418822   size: 1024x1024
     sampler: DPM++ 2M Karras  steps: 30  cfg: 6
     lora: tota_v2  weight: 0.8
```

ಮಾಡೆಲ್ ಫೈಲಿನ ಹೆಸರಷ್ಟೇ ನಂಬಬೇಡಿ, ಅದರ ಹ್ಯಾಶ್ ಕೂಡ ಬರೆದಿಡಿ. ಫೈಲಿನ ಒಳಗಿರುವುದರಿಂದಲೇ ಲೆಕ್ಕ ಹಾಕಿ ತೆಗೆಯುವ ಗುರುತು ಅದು, ಒಳಗಿನದು ಬದಲಾದರೆ ಅದೂ ಬದಲಾಗುತ್ತೆ. ಅದೇ ಹೆಸರಲ್ಲಿ ಬೇರೆ ಫೈಲ್ ಇದ್ದು ನಾನೊಮ್ಮೆ ಅರ್ಧ ದಿನ ಕಳೆದುಕೊಂಡಿದ್ದೇನೆ. ಇಷ್ಟೆಲ್ಲ ಇದ್ದೂ ಸಾಫ್ಟ್‌ವೇರ್ ಅಥವಾ ಗ್ರಾಫಿಕ್ ಕಾರ್ಡ್ ಬದಲಾದರೆ ಸಣ್ಣ ವ್ಯತ್ಯಾಸ ಬರುತ್ತೆ. ಅದನ್ನು ಪೂರ್ತಿ ತಡೆಯಲು ಆಗುವುದಿಲ್ಲ. ಅದಕ್ಕೇ ಕೊನೆಯ ಪದರ ಕೈಯದ್ದು: ಏಳು ಬಣ್ಣದ ಒಂದೇ ಪಟ್ಟಿ, ಸ್ಕ್ಯಾನ್ ಮಾಡಿದ ಒಂದೇ ಕಾಗದದ ತರಿ, ಒಂದೇ ದಪ್ಪದ ಗೆರೆ. ಪುಟ ತಿರುಗಿಸುವ ಮಗುವಿನ ಕಣ್ಣು ಹಿಡಿಯುವುದು ಇದನ್ನೇ.

ಹೊಸ ಮಾಡೆಲ್ ಬಂದಾಗ ಈಗ ಆರು ಚಿತ್ರ ತೆಗೆದು ನೋಡುತ್ತೇವೆ. ಹುಡುಗಿಯ ಮುಖ ಹತ್ತಿರದಿಂದ, ಮಳೆಯಲ್ಲಿ ಮನೆ, ತೋಟ, ದೀಪದ ಅಡುಗೆಮನೆ, ಅಜ್ಜ ಮೊಮ್ಮಗಳು ಒಟ್ಟಿಗೆ, ಖಾಲಿ ಅಂಗಳ. ಹಳೆಯವುಗಳ ಪಕ್ಕ ಅಂಚೆಚೀಟಿ ಗಾತ್ರಕ್ಕೆ ಇಳಿಸಿ, ಕಪ್ಪು ಬಿಳುಪು ಮಾಡಿ ಇಡುತ್ತೇವೆ. ಬಣ್ಣ ತೆಗೆದಾಗ ಬೆಳಕು ನೆರಳಿನ ವ್ಯತ್ಯಾಸ ತಟ್ಟನೆ ಕಾಣುತ್ತೆ. ಹೊಸ ಮಾಡೆಲ್‌ಗಳು ಕಪ್ಪನ್ನು ಇನ್ನೂ ಕಪ್ಪು ಮಾಡಿ ನಾಟಕೀಯ ಮಾಡುವುದನ್ನು ನಾನು ಹೆಚ್ಚಾಗಿ ಹಿಡಿದಿರುವುದು ಹೀಗೇ.

ಏಳನೇ ಚಿತ್ರವೊಂದಿತ್ತು, ಪಟ್ಟಿಯಿಂದ ತೆಗೆದುಬಿಟ್ಟೆವು. ಗದ್ದೆಯಲ್ಲಿ ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬು ಹಾಕಿಕೊಂಡು ನೆಟ್ಟಿ ಮಾಡುವ ಹೆಂಗಸರದ್ದು. ಎಷ್ಟು ವಿವರಿಸಿದರೂ ಒಂದು ಮಾಡೆಲ್ ಕೊಡೆ ಕೊಟ್ಟಿತು, ಇನ್ನೊಂದು ಆಮೆಯ ಚಿಪ್ಪು. ಆ ಪುಟವನ್ನು ನಮ್ಮ ಹುಡುಗ ಪೂರ್ತಿ ಕೈಯಲ್ಲೇ ಬರೆದ.